ಮಾರಾಟ ಹೆಚ್ಚುಕಡಿಮೆ ಒಂದೇ ಸಮ, ಆರ್ಡರ್ ಮಾತ್ರ ಏರಿಳಿತ: ಬುಲ್‌ವಿಪ್ ಅನ್ನು ಲೆಕ್ಕದಲ್ಲಿ ಹಿಡಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಸೋಪು, ಶಾಂಪೂ ಡಿಸ್ಟ್ರಿಬ್ಯೂಷನ್. ಅಂಗಡಿಗಳಿಗೆ ಹೋಗುವ ಮಾಲಿನಲ್ಲಿ ವಾರದಿಂದ ವಾರಕ್ಕೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಕಂಪನಿಗೆ ನಾವು ಹಾಕುವ ಆರ್ಡರ್ ಒಮ್ಮೆ ಪಾತಾಳಕ್ಕೆ, ಒಮ್ಮೆ ಆಕಾಶಕ್ಕೆ. ಇದು ಬುಲ್‌ವಿಪ್ ಪರಿಣಾಮವೇ ಎಂದು ತಿಳಿಯಲು ಆರ್ಡರ್ ವೇರಿಯನ್ಸನ್ನು ಮಾರಾಟದ ವೇರಿಯನ್ಸಿನಿಂದ ಭಾಗಿಸಿದರೆ ಸಾಕೆ?

ಉತ್ತರ: ಭಾಗಿಸಿದರೆ ಬುಲ್‌ವಿಪ್ ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಅದು ಏಕೆ ಬಂತು ಎಂಬುದು ಗೊತ್ತಾಗಬೇಕಾದರೆ ಅದೇ ಲೆಕ್ಕವನ್ನು ಒಮ್ಮೆ ವಾರದ ಮಟ್ಟದಲ್ಲಿ, ಒಮ್ಮೆ ತಿಂಗಳ ಮಟ್ಟದಲ್ಲಿ ಮಾಡಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅನೇಕರು ತಿಂಗಳ ರಿಪೋರ್ಟ್ ಮಾತ್ರ ನೋಡಿ "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಎಂದುಬಿಡುತ್ತಾರೆ. ಅವರ ಏರಿಳಿತವೆಲ್ಲ ತಿಂಗಳ ಒಳಗೇ ಅಡಗಿ ಕೂತಿರುತ್ತದೆ.

ಬುಲ್‌ವಿಪ್ ಎಂದರೆ ಚಾಟಿ. ಹಿಡಿಯನ್ನು ಸ್ವಲ್ಪ ಅಲುಗಿಸಿದರೂ ತುದಿ ದೂರಕ್ಕೆ ಬೀಸುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಪ್ಯಾಂಪರ್ಸ್ ಡೈಪರ್‌ನ ಆರ್ಡರ್‌ಗಳನ್ನು ಪರಿಶೀಲಿಸಿದಾಗ ಇದೇ ಕಂಡಿತ್ತು: ಮಕ್ಕಳು ಡೈಪರ್ ಬಳಸುವುದು ಒಂದೇ ಸಮ, ಅಂಗಡಿಯ ಮಾರಾಟದಲ್ಲಿ ಸಣ್ಣ ಏರಿಳಿತ, ಡಿಸ್ಟ್ರಿಬ್ಯೂಟರ್ ಆರ್ಡರ್‌ನಲ್ಲಿ ಅದಕ್ಕಿಂತ ದೊಡ್ಡದು, ಕಚ್ಚಾಮಾಲಿನ ಆರ್ಡರ್‌ನಲ್ಲಿ ಇನ್ನೂ ದೊಡ್ಡದು. ಹೀಗೆ ಒಂದು ಕೊಂಡಿಯಿಂದ ಮುಂದಿನ ಕೊಂಡಿಗೆ ಎಷ್ಟು ಪಟ್ಟು ಹಿಗ್ಗಿತು ಎಂಬುದನ್ನೇ ವೇರಿಯನ್ಸ್ ಅನುಪಾತ ಅಳೆಯುತ್ತದೆ. 1ಕ್ಕಿಂತ ಹೆಚ್ಚು ಬಂದರೆ ಹಿಗ್ಗಿದೆ, 1ಕ್ಕಿಂತ ಕಡಿಮೆ ಬಂದರೆ ನಿಮ್ಮ ಗೋಡೌನ್ ಏರಿಳಿತವನ್ನು ತಗ್ಗಿಸಿ ಮೇಲಕ್ಕೆ ಕಳಿಸಿದೆ.

ಮೊದಲು ಎರಡು ಕಾಲಂ ಸರಿಯಾಗಲಿ

ಮಾರಾಟದ ಕಾಲಂಗೆ ನಿಮ್ಮಿಂದ ಅಂಗಡಿಗೆ ಹೋದ ಸೆಕೆಂಡರಿ ಬಿಲ್ ತೆಗೆದುಕೊಳ್ಳಿ. ವಾಪಸ್ ಬಂದ ಮಾಲನ್ನು ಕಳೆಯಿರಿ. ಆರ್ಡರ್ ಕಾಲಂಗೆ ಕಂಪನಿಯ ಇನ್‌ವಾಯ್ಸ್ ಬೇಡ, ನೀವು ಹಾಕಿದ ಆರ್ಡರ್ ಬೇಕು, ಅದೂ ಆರ್ಡರ್ ಹಾಕಿದ ದಿನಾಂಕದಲ್ಲಿ. ಇಲ್ಲಿ ತಪ್ಪುವವರೇ ಹೆಚ್ಚು. ನೀವು 200 ಕೇಸ್ ಕೇಳಿ ಕಂಪನಿ 120 ಮಾತ್ರ ಕಳಿಸಿದರೆ, ಇನ್‌ವಾಯ್ಸ್‌ನಲ್ಲಿ 120 ಎಂದೇ ಇರುತ್ತದೆ. ಏರಿಳಿತದ ತುದಿ ಅಲ್ಲೇ ಕತ್ತರಿಸಿಹೋಗಿ ಅನುಪಾತ ಸಣ್ಣದಾಗಿ ಕಾಣುತ್ತದೆ. ಬಾಕಿ ಉಳಿದ 80 ಕೇಸನ್ನು ಮುಂದಿನ ವಾರ ಮತ್ತೆ ಆರ್ಡರ್ ಹಾಕಿದ್ದರೆ ಅದನ್ನು ಎರಡು ಸಲ ಎಣಿಸಬಾರದು.

ಎರಡೂ ಕಾಲಂ ಒಂದೇ ಅಳತೆಯಲ್ಲಿರಲಿ. ಕೇಸ್ ಆದರೆ ಎರಡೂ ಕೇಸ್. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಬೆಲೆ ಬದಲಾದದ್ದು, ಸ್ಕೀಮ್ ಕೊಟ್ಟದ್ದು ಎಲ್ಲವೂ ವೇರಿಯನ್ಸ್ ಒಳಗೆ ನುಸುಳುತ್ತದೆ. 10ಕ್ಕೆ 1 ಫ್ರೀ ಇದ್ದರೆ ಆ ಫ್ರೀ ಕೇಸ್ ಎರಡೂ ಕಡೆ ಸೇರಿರಬೇಕು, ಇಲ್ಲವೇ ಎರಡೂ ಕಡೆ ಬಿಟ್ಟಿರಬೇಕು. ಒಂದು ಎಸ್‌ಕೆಯುವನ್ನೇ ಹಿಡಿದು ಶುರು ಮಾಡಿ. ಎಲ್ಲ ಐಟಂ ಕೂಡಿಸಿದರೆ ಒಂದರ ಏರಿಕೆ ಇನ್ನೊಂದರ ಇಳಿಕೆಯಲ್ಲಿ ಮುಚ್ಚಿಹೋಗುತ್ತದೆ.

ಸ್ಟಾಕ್ ಖಾಲಿಯಾದ ವಾರಗಳನ್ನು ಗುರುತು ಹಾಕಿಡಿ. ಆ ವಾರಗಳಲ್ಲಿ ಮಾರಾಟದ ಅಂಕಿ ಬೇಡಿಕೆಯನ್ನು ತೋರಿಸುವುದಿಲ್ಲ, ಗೋಡೌನ್‌ನಲ್ಲಿ ಎಷ್ಟಿತ್ತೋ ಅಷ್ಟನ್ನು ತೋರಿಸುತ್ತದೆ. ಹಾಗೆಯೇ ತೆರಿಗೆ ಬದಲಾದ ಅವಧಿಯನ್ನು ಹೊರಗಿಡಿ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಹೇರ್ ಆಯಿಲ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ದರ ಇಳಿಯುತ್ತದೆ ಎಂದು ಮೊದಲೇ ಗೊತ್ತಾದಾಗ ಹಳೆಯ ಸ್ಟಾಕ್ ಖಾಲಿ ಮಾಡಿಕೊಂಡು ಆಮೇಲೆ ತುಂಬಿಕೊಳ್ಳುವುದು ಸಹಜ. ಅಂಥ ವಾರಗಳು ನಿಮ್ಮ ದಿನನಿತ್ಯದ ಪದ್ಧತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಒಂದು ಲೆಕ್ಕ

ಒಂದು ಸೋಪಿನ ಎಸ್‌ಕೆಯು, ಮೂರು ತಿಂಗಳು, ತಿಂಗಳಿಗೆ ನಾಲ್ಕು ಭಾಗ ಎಂದಿಟ್ಟುಕೊಳ್ಳೋಣ. (ಕ್ಯಾಲೆಂಡರ್ ವಾರಗಳು ತಿಂಗಳ ಗಡಿ ದಾಟುವುದರಿಂದ 1–7, 8–15, 16–23, 24ರಿಂದ ತಿಂಗಳ ಕೊನೆ ಎಂದು ಭಾಗ ಮಾಡುವುದು ಒಳ್ಳೆಯದು. ಸುಲಭಕ್ಕೆ ಇವನ್ನೇ ವಾರ ಎನ್ನುತ್ತೇನೆ.) ಕೆಳಗಿನ ಅಂಕಿಗಳು ಕೇಸ್‌ಗಳಲ್ಲಿ, ಮೊದಲನೆಯದು ಮಾರಾಟ, ಎರಡನೆಯದು ಆರ್ಡರ್.

| | ವಾರ 1 | ವಾರ 2 | ವಾರ 3 | ವಾರ 4 | ಒಟ್ಟು |
|---|---|---|---|---|---|
| ತಿಂಗಳು 1 | 80 / 40 | 95 / 60 | 105 / 80 | 120 / 220 | 400 / 400 |
| ತಿಂಗಳು 2 | 85 / 30 | 90 / 70 | 105 / 90 | 130 / 230 | 410 / 420 |
| ತಿಂಗಳು 3 | 75 / 20 | 95 / 60 | 100 / 100 | 120 / 200 | 390 / 380 |

ಮಾರಾಟವನ್ನು B ಕಾಲಂನಲ್ಲಿ, ಆರ್ಡರನ್ನು C ಕಾಲಂನಲ್ಲಿ 12 ಸಾಲು ಬರೆದು ಎಕ್ಸೆಲ್‌ನಲ್ಲಿ ಹೀಗೆ ಕೊಡಿ:

```
=VAR.S(C2:C13)/VAR.S(B2:B13)
```

ಮಾರಾಟದ ವೇರಿಯನ್ಸ್ ಸುಮಾರು 286, ಆರ್ಡರ್‌ನದು ಸುಮಾರು 5527. ಅನುಪಾತ 19.3. ವೇರಿಯನ್ಸ್ ಎಂದರೆ ವರ್ಗ ಮಾಡಿದ ಅಂಕಿಯಾದ್ದರಿಂದ 19 ಎಂಬುದು ಕೇಳಲು ಭಯ ಹುಟ್ಟಿಸುತ್ತದೆ. ವರ್ಗಮೂಲ ತೆಗೆದರೆ 4.4. ಮಾರಾಟ ಸರಾಸರಿ 100ರ ಆಚೀಚೆ ಸುಮಾರು 17 ಕೇಸ್ ಓಲಾಡಿದರೆ ಆರ್ಡರ್ ಸುಮಾರು 74 ಕೇಸ್ ಓಲಾಡುತ್ತಿದೆ. ಗೋಡೌನ್ ಜಾಗ, ಗಾಡಿ, ಹಣ ಎಷ್ಟು ಬೇಕು ಎಂದು ಯೋಚಿಸುವಾಗ ಈ ಎರಡನೆಯ ಅಂಕಿಯೇ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಎರಡೂ ಕಾಲಂನ ಸರಾಸರಿ 100. ನಿಮ್ಮಲ್ಲಿ ಆರ್ಡರ್ ಸರಾಸರಿ ಮಾರಾಟಕ್ಕಿಂತ ಹೆಚ್ಚಿದ್ದರೆ ಆ ಅವಧಿಯಲ್ಲಿ ಸ್ಟಾಕ್ ಕೂಡಿಬಿದ್ದಿದೆ ಎಂದರ್ಥ. ಆಗ ಎರಡೂ ಕಾಲಂನ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು ಅದರದರ ಸರಾಸರಿಯಿಂದ ಭಾಗಿಸಿ, ಬಂದ ಎರಡು ಅಂಕಿಗಳನ್ನು ಹೋಲಿಸಿ.

ತಿಂಗಳ ಮಟ್ಟಕ್ಕೆ ಹೋದಾಗ

ಈಗ ಕೊನೆಯ ಕಾಲಂ ಮಾತ್ರ ನೋಡಿ. ಮಾರಾಟ 400, 410, 390. ಆರ್ಡರ್ 400, 420, 380. ವೇರಿಯನ್ಸ್ 100 ಮತ್ತು 400, ಅನುಪಾತ 4. ಮೂರೇ ಅಂಕಿಗಳ ವೇರಿಯನ್ಸನ್ನು ತೀರ್ಪು ಎಂದು ನಂಬಬಾರದು, ನಿಜವಾದ ಲೆಕ್ಕಕ್ಕೆ ಕನಿಷ್ಠ 12 ತಿಂಗಳ ಡೇಟಾ ಇರಲಿ. ಆದರೆ ದಿಕ್ಕು ಸ್ಪಷ್ಟ: 19 ಇದ್ದದ್ದು 4ಕ್ಕೆ ಬಿತ್ತು. ಅಂದರೆ ಏರಿಳಿತದ ಬಹುಪಾಲು ತಿಂಗಳ ಒಳಗಿನದು.

ಎಷ್ಟು ಪಾಲು ಎಂದೂ ತಿಳಿಯಬಹುದು. ಮೂರೂ ತಿಂಗಳ ಮೊದಲ ವಾರಗಳ ಆರ್ಡರ್ ಸರಾಸರಿ 30, ಎರಡನೆಯದು 63.3, ಮೂರನೆಯದು 90, ನಾಲ್ಕನೆಯದು 216.7. ಪ್ರತಿ ವಾರದ ಆರ್ಡರ್‌ನಿಂದ ಅದರ ಸ್ಥಾನದ ಸರಾಸರಿಯನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿ ಕೂಡಿಸಿ. 933 ಬರುತ್ತದೆ. ಒಟ್ಟು ಸರಾಸರಿ 100ರಿಂದ ಕಳೆದು ಹಾಗೆಯೇ ಮಾಡಿದರೆ 60,800. ಅಂದರೆ ಆರ್ಡರ್ ಏರಿಳಿತದ ಶೇ 98ಕ್ಕೂ ಹೆಚ್ಚು ಭಾಗ "ಇದು ತಿಂಗಳ ಎಷ್ಟನೇ ವಾರ" ಎಂಬ ಒಂದೇ ವಿಷಯದಿಂದ ಬಂದದ್ದು. ಗ್ರಾಹಕರ ಬೇಡಿಕೆಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಇದು ತಿಂಗಳ ಕೊನೆಯ ಟಾರ್ಗೆಟ್ ಕ್ಲೋಸಿಂಗ್‌ನ ಗುರುತು. ಸೇಲ್ಸ್ ಆಫೀಸರ್ 24ನೇ ತಾರೀಖಿನ ನಂತರ ಬಂದು ಬಿಲ್ ಮಾಡಿಸುತ್ತಾರೆ, ಮುಂದಿನ ತಿಂಗಳ ಮೊದಲ ವಾರ ಗೋಡೌನ್ ತುಂಬಿರುವುದರಿಂದ ಆರ್ಡರ್ 20–40ಕ್ಕೆ ಇಳಿಯುತ್ತದೆ.

ಮಾರಾಟದ ಸಾಲುಗಳನ್ನೂ ಗಮನಿಸಿ. ಅಲ್ಲಿಯೂ ನಾಲ್ಕನೇ ವಾರ 120–130 ಇದೆ. ಟಾರ್ಗೆಟ್ ಒತ್ತಡ ಅಂಗಡಿಗಳ ತನಕ ಇಳಿದಿದೆ ಎಂಬ ಅನುಮಾನಕ್ಕೆ ಇದು ಸಾಕು. ನಿಮ್ಮ ಸೆಕೆಂಡರಿ ಎಂದರೆ ಅಂಗಡಿಯವರ ಖರೀದಿ, ಮನೆಯವರ ಖರೀದಿ ಅಲ್ಲ. ಆದ್ದರಿಂದ 19.3 ಎಂಬುದು ನಿಮ್ಮ ಕೊಂಡಿಯೊಂದರ ಹಿಗ್ಗುವಿಕೆ ಮಾತ್ರ. ಅಂಗಡಿಯ ಕೊಂಡಿಯಲ್ಲಿ 2 ಪಟ್ಟು ಹಿಗ್ಗಿದ್ದರೆ ಗ್ರಾಹಕರಿಂದ ಕಂಪನಿಯವರೆಗಿನ ಒಟ್ಟು ಹಿಗ್ಗುವಿಕೆ ಎರಡರ ಗುಣಲಬ್ಧ, 38ಕ್ಕೂ ಮೇಲೆ. ಕಂಪ್ಯೂಟರ್ ಬಿಲ್ಲಿಂಗ್ ಇರುವ ನಾಲ್ಕೈದು ಅಂಗಡಿಗಳ ಕೌಂಟರ್ ಮಾರಾಟ ಸಿಕ್ಕರೆ ಅದನ್ನೂ ಹೀಗೆಯೇ ನೋಡಬಹುದು.

ತಿಂಗಳ ಒಳಗೆ ಸಿಗದಿದ್ದರೆ

ತಿಂಗಳ ಮಟ್ಟದಲ್ಲೂ ಅನುಪಾತ ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು. ಆಗ ಒಂದು ಹೋಲಿಕೆಯ ಅಂಕಿ ಕೈಯಲ್ಲಿರಲಿ. ಹಿಂದಿನ p ವಾರಗಳ ಸರಾಸರಿ ಮಾರಾಟ ನೋಡಿ ಆರ್ಡರ್ ಹಾಕುವವರಿಗೆ, ಸರಕು ಬರಲು L ವಾರ ಹಿಡಿಯುವಾಗ, ಬೇಡಿಕೆ ವಾರದಿಂದ ವಾರಕ್ಕೆ ಸಂಬಂಧವಿಲ್ಲದೆ ಏರಿಳಿದರೂ ಅನುಪಾತ ಕನಿಷ್ಠ ಇಷ್ಟಾಗುತ್ತದೆ:

```
1 + 2L/p + 2L²/p²
```

L = 2, p = 4 ಆದರೆ 2.5. ಅಂದರೆ ಯಾರೂ ಒತ್ತಡ ಹೇರದಿದ್ದರೂ, ಬರೀ ಮುನ್ನಂದಾಜು ಮತ್ತು ಸರಕಿಗಾಗಿ ಕಾಯುವುದರಿಂದಲೇ 2.5 ಬರುತ್ತದೆ. ನಿಮ್ಮ ಅಂಕಿ 2–3ರ ಆಸುಪಾಸಿನಲ್ಲಿದ್ದರೆ p ಹೆಚ್ಚಿಸುವುದು, ಅಂದರೆ ಎರಡು ವಾರದ ಬದಲು ಎಂಟು ವಾರದ ಸರಾಸರಿ ನೋಡುವುದು ಮದ್ದು: ಅದೇ L = 2ಕ್ಕೆ p = 2 ಆದರೆ 5, p = 8 ಆದರೆ 1.6. ಮೇಲಿನ 19.3ಕ್ಕೆ ಈ ಮದ್ದು ಹತ್ತಿರವೂ ಸುಳಿಯದು.

ಸ್ಕೀಮ್ ಕಾರಣವಾಗಿದ್ದರೆ ಆರ್ಡರ್ ಸ್ಕೀಮ್ ಇದ್ದ ವಾರ ಜಿಗಿದು, ನಂತರ ಎರಡು ಮೂರು ವಾರ ಸರಾಸರಿಗಿಂತ ಕೆಳಗೆ ಬಿದ್ದಿರುತ್ತದೆ, ಜಿಗಿದಷ್ಟೇ ಕಡಿಮೆಯಾಗಿರುತ್ತದೆ. ಗ್ರಾಹಕರು ನಿಜವಾಗಿ ಹೆಚ್ಚು ಕೊಂಡಿದ್ದರೆ ಆ ಹಳ್ಳ ಇರುವುದಿಲ್ಲ. ಸರಕಿನ ಅಭಾವ ಕಾರಣವಾಗಿದ್ದರೆ ಕಂಪನಿ ಕೇಳಿದ್ದರಲ್ಲಿ ಎಷ್ಟು ಪಾಲು ಕಳಿಸಿತು ಎಂಬುದನ್ನು ವಾರವಾರ ಬರೆದು ನೋಡಿ: ಆ ಪಾಲು ಇಳಿದ ಬೆನ್ನಿಗೆ ಆರ್ಡರ್ ಏರಿ, ಸರಬರಾಜು ಸರಿಹೋದ ಕೂಡಲೇ ಆರ್ಡರ್ ಕುಸಿದಿದ್ದರೆ, ಅರ್ಧ ಸಿಗುತ್ತದೆಂದು ಎರಡರಷ್ಟು ಕೇಳುವ ಅಭ್ಯಾಸ ಶುರುವಾಗಿದೆ.

ಕಂಪನಿ ಕಡೆಯಿಂದ ನೋಡುವವರಿಗೆ ಇನ್ನೊಂದು ಪರೀಕ್ಷೆ ಇದೆ. ಇಂಥ 25 ಡಿಸ್ಟ್ರಿಬ್ಯೂಟರ್‌ಗಳು ಒಬ್ಬೊಬ್ಬರು ಒಂದೊಂದು ವಾರ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ದೊಡ್ಡ ಆರ್ಡರ್ ಹಾಕಿದರೆ 2500 ಕೇಸ್ ಸರಾಸರಿಯ ಆಚೀಚೆ ಒಟ್ಟು ಓಲಾಟ ಸುಮಾರು 370 ಕೇಸ್. ಎಲ್ಲರೂ ಒಂದೇ ವಾರ ಹಾಕಿದರೆ ಸುಮಾರು 1860. ಡಿಪೋದ ಒಟ್ಟು ಆರ್ಡರ್ ವೇರಿಯನ್ಸನ್ನು 25 ಜನರ ಬಿಡಿ ವೇರಿಯನ್ಸ್‌ಗಳ ಮೊತ್ತದಿಂದ ಭಾಗಿಸಿ. 1ರ ಸುತ್ತ ಬಂದರೆ ಅವರು ಬಿಡಿಬಿಡಿಯಾಗಿ ಆಡುತ್ತಿದ್ದಾರೆ, 25ರ ಹತ್ತಿರ ಬಂದರೆ ಒಂದೇ ದಾರ ಎಲ್ಲರನ್ನೂ ಎಳೆಯುತ್ತಿದೆ. ಆ ದಾರ ಕಂಪನಿಯ ಕೈಯಲ್ಲಿಯೇ ಇರುವ ಟಾರ್ಗೆಟ್ ತಾರೀಖು. ಒಂದು ಏರಿಯಾದಲ್ಲಿ ತಿಂಗಳ ಟಾರ್ಗೆಟನ್ನು ನಾಲ್ಕು ವಾರಕ್ಕೆ ಸಮ ಹಂಚಿ ಮೂರು ತಿಂಗಳು ಬಿಟ್ಟು, ಇದೇ ಎರಡು ಕಾಲಂ ಮತ್ತೆ ಭರ್ತಿ ಮಾಡಿ. ನಾಲ್ಕನೇ ವಾರದ 216 ಇಳಿದು ಮೊದಲ ವಾರದ 30 ಏರಿದರೆ ರೋಗ ಹಿಡಿದದ್ದು ಸರಿ. ಇಳಿಯದಿದ್ದರೆ ಆ ವಾರದ ಸ್ಕೀಮ್ ಮತ್ತು ಸಾಲದ ಗಡುವನ್ನು ಪರಿಶೀಲಿಸಬೇಕು.