ಪುಟ ಮಾಡಿದ ಮೇಲೆ ಕೊಡಗಿನ ಜೇನು ಎಲ್ಲಿ ಹೋಯಿತು?

ಮಡಿಕೇರಿಯ ಒಂದು ಅಂಗಡಿಗೆ ಜಾಲತಾಣವಿದೆ ಎಂದುಕೊಳ್ಳಿ. ಕಾಫಿಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ, ಮನೆಯಲ್ಲೇ ಮಾಡಿದ ಚಾಕೊಲೇಟ್ ಎಲ್ಲವೂ ಅದರಲ್ಲಿವೆ. ಕಾಲು ಕೆಜಿ, ಅರ್ಧ ಕೆಜಿ, ಬೇರೆ ಬೇರೆ ತೋಟ, ಬೇರೆ ಬೇರೆ ಹುರಿತ ಎಂದು ಒಂದೊಂದಕ್ಕೂ ಒಂದೊಂದು ದಾಖಲೆ ಸೇರುತ್ತಾ ಲೆಕ್ಕ 4,000 ಮುಟ್ಟಿದೆ. ಪುಟ ತೆರೆದರೆ ಅಷ್ಟೂ ಒಟ್ಟಿಗೆ ಬರುತ್ತವೆ. ಹೆಸರು, ಬೆಲೆ, ವಿವರಣೆ ಸೇರಿ ದಾಖಲೆಗೆ ಒಂದೂವರೆ ಕೆಬಿ ಹಿಡಿದರೂ ಒಟ್ಟು 6 ಎಂಬಿ, ಚಿತ್ರಗಳನ್ನು ಬಿಟ್ಟು. ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕಾಗುವುದರಿಂದ ವಿವರಣೆ ಬೇಗ ದಪ್ಪವಾಗುತ್ತದೆ. ಜುಲೈ ಮಳೆಯಲ್ಲಿ ಭಾಗಮಂಡಲದ ಕಡೆ ಮೊಬೈಲಿಗೆ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕಿತು ಎನ್ನಿ, ಇಷ್ಟು ಇಳಿಯಲು 48 ಸೆಕೆಂಡ್ ಬೇಕು. ಅದೇ 20 ದಾಖಲೆ ಮಾತ್ರ ಕಳಿಸಿದರೆ ಕಾಲು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಹಾಗಾದರೆ ಪುಟಕ್ಕೆ 20ರಂತೆ ಒಡೆದುಬಿಟ್ಟರಾಯಿತು. ಎಲ್ಲರೂ ಮೊದಲು ಹಿಡಿಯುವ ದಾರಿ, ದತ್ತಸಂಚಯವನ್ನು ಕೇಳುವ SQL ಭಾಷೆಯ LIMIT ಮತ್ತು OFFSET. ಎರಡನೇ ಪುಟಕ್ಕೆ «ಮೊದಲ 20 ಬಿಟ್ಟು ಮುಂದಿನ 20 ಕೊಡು», ನೂರಾ ಒಂದನೇ ಪುಟಕ್ಕೆ «2,000 ಬಿಟ್ಟು ಮುಂದಿನ 20 ಕೊಡು». ದತ್ತಸಂಚಯಕ್ಕೆ ಬಿಡುವುದು ಎಂದರೆ ಹಾರಿ ಹೋಗುವುದಲ್ಲ. ಗೋದಾಮಿನಲ್ಲಿ ಒಂದನೇ ಮೂಟೆಯಿಂದ ಎಣಿಸುತ್ತಾ ಹೋಗಿ 2,000 ಮೂಟೆ ದಾಟಿದ ಮೇಲೆ ಇಪ್ಪತ್ತನ್ನು ಹೊರಗೆ ತರುವವನಂತೆ, ಅದು ಅಷ್ಟೂ ಸಾಲುಗಳನ್ನು ಓದಿ ಎಸೆಯುತ್ತದೆ. ಲಕ್ಷಗಟ್ಟಲೆ ದಾಖಲೆಗಳಿರುವ ಕಡೆ ಇದು ನೋವು ಕೊಡುತ್ತದೆ. 4,000 ದಾಖಲೆಗೆ? ಸರ್ವರ್‌ಗೆ ಅದು ಕೆಲವೇ ಮಿಲಿಸೆಕೆಂಡಿನ ಮಾತು. ಆದ್ದರಿಂದ ಈ ಗಾತ್ರದ ಅಂಗಡಿಗೆ OFFSET ನಿಧಾನ ಎಂದು ಹೆದರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ.

ಬೆಲೆ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಮೊದಲ ಪುಟವನ್ನು ಗ್ರಾಹಕರೊಬ್ಬರು ನೋಡುತ್ತಿದ್ದಾರೆ. ಅಷ್ಟರಲ್ಲಿ ಅಂಗಡಿಯವರು 90 ರೂಪಾಯಿಯ ಮೂರು ಸಣ್ಣ ಪೊಟ್ಟಣಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಮೇಲೆ ಮೂರು ನುಗ್ಗಿದ್ದರಿಂದ ಉಳಿದವೆಲ್ಲ ಮೂರು ಸ್ಥಾನ ಕೆಳಗೆ ಸರಿದವು. ಎರಡನೇ ಪುಟ ತೆರೆದರೆ ಆಗಲೇ ಕಂಡ ಮೂರು ವಸ್ತುಗಳು ಮತ್ತೆ ಎದುರಾಗುತ್ತವೆ. ಸೇರಿಸುವ ಬದಲು ಮೂರನ್ನು ತೆಗೆದಿದ್ದರೆ ಇನ್ನೂ ಕೆಟ್ಟದ್ದು. ಮೂರು ವಸ್ತುಗಳು ಯಾವ ಪುಟದಲ್ಲೂ ಕಾಣದೆ ಜಾರಿಹೋಗುತ್ತವೆ, ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪಟ್ಟಿಯನ್ನು ಯಾರೂ ಮುಟ್ಟದಿದ್ದರೂ ಇದು ಆಗಬಹುದು. 250 ರೂಪಾಯಿಯವೇ 60 ವಸ್ತುಗಳಿದ್ದು ಬೆಲೆಯಿಂದ ಮಾತ್ರ ಜೋಡಿಸಿದರೆ, ಆ ಅರವತ್ತರ ಒಳಗಿನ ಕ್ರಮ ಪ್ರತಿ ಸಲ ಒಂದೇ ಇರುತ್ತದೆ ಎಂಬ ಭರವಸೆಯನ್ನು ದತ್ತಸಂಚಯ ಕೊಡುವುದಿಲ್ಲ.

ಹಾಗಾಗಿ ಎಣಿಕೆ ಬಿಟ್ಟು ಗುರುತು ಹಿಡಿಯುವುದು ವಾಸಿ. ಈಗಿನ ಪುಟದ ಕೊನೆಯ ವಸ್ತುವಿನ ಬೆಲೆ 250, ಅದರ ಸಂಖ್ಯೆ 1187 ಎಂದಿರಲಿ. ಮುಂದಿನ ಪುಟಕ್ಕೆ ಕೇಳಬೇಕಾದದ್ದು ಇಷ್ಟೇ:

```sql
SELECT id, name, price FROM products
WHERE (price, id) > (250, 1187)
ORDER BY price, id
LIMIT 20;
```

ಬೆಲೆ 250ಕ್ಕಿಂತ ಹೆಚ್ಚಿರಬೇಕು, ಇಲ್ಲವೇ ಬೆಲೆ ಅಷ್ಟೇ ಇದ್ದು ಸಂಖ್ಯೆ 1187ಕ್ಕಿಂತ ಹೆಚ್ಚಿರಬೇಕು. ಸಂಖ್ಯೆ ಎರಡು ವಸ್ತುಗಳಿಗೆ ಒಂದೇ ಇರದ ಕಾರಣ ಕ್ರಮದಲ್ಲಿ ಗೊಂದಲ ಉಳಿಯುವುದಿಲ್ಲ. ಮೇಲೆ ಏನು ಸೇರಿದರೂ, ಏನು ಹೋದರೂ ಈ ಪ್ರಶ್ನೆಯ ಉತ್ತರ ಅಲುಗಾಡುವುದಿಲ್ಲ. (price, id) ಎರಡಕ್ಕೂ ಸೇರಿ ಒಂದು ಸೂಚಿ ಮಾಡಿಟ್ಟರೆ ದತ್ತಸಂಚಯ ನೇರವಾಗಿ ಆ ಜಾಗಕ್ಕೇ ಇಳಿಯುತ್ತದೆ. ಇಂಥ ಸೂಚಿಯ ಒಳಗಿರುವುದು ಸಾಮಾನ್ಯವಾಗಿ ಬಿ-ಟ್ರೀ ಎಂಬ ರಚನೆ; ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ 1970ರಲ್ಲಿ ಕೊಟ್ಟದ್ದು, ಇವತ್ತಿಗೂ ದುಡಿಯುತ್ತಿದೆ.

ಕಳೆದುಕೊಳ್ಳುವುದೂ ಇದೆ. «37ನೇ ಪುಟಕ್ಕೆ ಹೋಗು» ಎನ್ನಲು ಆಗುವುದಿಲ್ಲ, «ಇನ್ನಷ್ಟು ತೋರಿಸು» ಮಾತ್ರ. ಅಂಗಡಿಯಲ್ಲಿ 37ನೇ ಪುಟ ಬೇಕೆನ್ನುವವರನ್ನು ನಾನಂತೂ ಕಾಣೆ. ಇದಕ್ಕಿಂತ ಮೋಸದ್ದು ಬೆಲೆ ಖಾಲಿ ಇರುವ ದಾಖಲೆ. ಈ ಸಲದ ಕಿತ್ತಳೆಗೆ ಬೆಲೆ ಇನ್ನೂ ನಿಗದಿಯಾಗಿಲ್ಲವೆಂದು ಆ ಜಾಗದಲ್ಲಿ NULL ಬಿಟ್ಟಿದ್ದರೆ, ಅದು 250ಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹೋಲಿಕೆಯ ಉತ್ತರ «ಗೊತ್ತಿಲ್ಲ», ಆದ್ದರಿಂದ ಕಿತ್ತಳೆ ಮುಂದಿನ ಯಾವ ಪುಟಕ್ಕೂ ಬರುವುದಿಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಹೋಗಿ ಬಂದ ದಾಖಲೆಗಳನ್ನೆಲ್ಲ ಎಣಿಸಿ ಒಟ್ಟು ದಾಖಲೆಗಳ ಲೆಕ್ಕಕ್ಕೆ ತಾಳೆ ನೋಡುವ ಒಂದು ಪರೀಕ್ಷೆ ಬರೆದಿಟ್ಟರೆ ಇದು ಸಿಕ್ಕಿಬೀಳುತ್ತದೆ.

ಇನ್ನು ಹುಡುಕಾಟ. ಎಲ್ಲವೂ ಒಂದೇ ಪುಟದಲ್ಲಿದ್ದಾಗ Ctrl+F ಒತ್ತಿದವರಿಗೆ ಜೇನು ಸಿಗುತ್ತಿತ್ತು. ಪುಟ ಒಡೆದ ದಿನ ಆ ಅನುಕೂಲ ಸದ್ದಿಲ್ಲದೆ ಹೋಗುತ್ತದೆ, ಏಕೆಂದರೆ ಬ್ರೌಸರ್ ಬಳಿ ಇರುವುದು 20 ದಾಖಲೆ ಮಾತ್ರ. ಆದ್ದರಿಂದ ಹುಡುಕುವ ಪೆಟ್ಟಿಗೆ ಅದೇ ದಿನ ಬರಬೇಕು, ಮತ್ತು ಹುಡುಕುವುದು ಸರ್ವರ್‌ನಲ್ಲಿ, 4,000ದಲ್ಲಿ. ಹುಡುಕುವ ಪದ ಬದಲಾದಾಗ ಹಳೆಯ ಗುರುತನ್ನು ಬಿಟ್ಟು ಮೊದಲ ಪುಟದಿಂದ ಶುರು ಮಾಡಬೇಕು. ಇಲ್ಲದಿದ್ದರೆ 250ಕ್ಕಿಂತ ಕಡಿಮೆ ಬೆಲೆಯ ಜೇನು ಇಲ್ಲವೇ ಇಲ್ಲ ಎಂದು ಪುಟ ಸುಳ್ಳು ಹೇಳುತ್ತದೆ. ಇಷ್ಟು ದಾಖಲೆಗೆ ವಿಶೇಷ ಹುಡುಕು ಯಂತ್ರವೇನೂ ಬೇಡ, ಹೆಸರಿನೊಳಗೆ ಪದ ಇದೆಯೇ ಎಂದು ನೋಡುವ SQLನ LIKE ಸಾಕು.

ಸಾಕು ಎಂದೆ, ಆದರೆ ಕನ್ನಡ ಇಲ್ಲಿ ಒಂದು ಗಂಟು ಹಾಕುತ್ತದೆ. ಪೆಟ್ಟಿಗೆಯಲ್ಲಿ «ಕೊಡಗು» ಎಂದು ಟೈಪಿಸಿದರೆ ಕೆಲವು ಜೇನುಗಳು ಬರುತ್ತವೆ, ಕೆಲವು ಬರುವುದಿಲ್ಲ, ಬಾರದವುಗಳ ಹೆಸರಿನಲ್ಲೂ ಕಣ್ಣಿಗೆ ಕಾಣುವಂತೆ ಕೊಡಗು ಇದ್ದೇ ಇದೆ. ಯುನಿಕೋಡ್‌ನಲ್ಲಿ «ಕೊ» ಬರೆಯಲು ಎರಡು ದಾರಿಗಳಿವೆ. ಕ ಜೊತೆಗೆ ಒತ್ವದ ಒಂದೇ ಸಂಕೇತ U+0CCA ಇಡಬಹುದು. ಅಥವಾ ಎತ್ವದ U+0CC6 ಮತ್ತು ಊತ್ವದ U+0CC2 ಎರಡನ್ನು ಒಂದರ ಹಿಂದೊಂದು ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಅಕ್ಷರ, ಬೈಟುಗಳನ್ನು ಹೋಲಿಸುವ LIKEಗೆ ಎರಡು ಬೇರೆ ಪದಗಳು. ಹಿಡಿಯುವುದು ಸುಲಭ: ಮೊದಲ ಬಗೆಯ «ಕೊಡಗು»ವಿಗೆ length() 5 ಎನ್ನುತ್ತದೆ, ಎರಡನೆಯದಕ್ಕೆ 6. ಚಾಕ್‌ಲೇಟ್‌ನಲ್ಲಿ ಕಕಾರಕ್ಕೂ ಲಕಾರಕ್ಕೂ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ U+200C ಕೂಡ ಇದೇ ಕಾಟ ಕೊಡುತ್ತದೆ.

ಮದ್ದು, ಹುಡುಕಲೆಂದೇ search_key ಎಂಬ ಒಂದು ಪ್ರತ್ಯೇಕ ಅಂಕಣ ಸೇರಿಸುವುದು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ 13ನೇ ಆವೃತ್ತಿಯಿಂದ ಈಚೆಗೆ ಅದನ್ನು ತುಂಬುವುದು ಒಂದೇ ಆಜ್ಞೆಯ ಕೆಲಸ:

```sql
UPDATE products SET search_key =
  translate(normalize(name, NFC), U&'\200C\200D', '');
```

ಎರಡು ತುಂಡಿನ «ಕೊ» ಒಂದಾಗುತ್ತದೆ, ಕಾಣದ ಸಂಕೇತಗಳು ಉದುರುತ್ತವೆ. ಗ್ರಾಹಕರು ಟೈಪಿಸಿದ್ದನ್ನೂ ಇದೇ ಜರಡಿಯಲ್ಲಿ ಹಾಯಿಸಿ ಆಮೇಲೆ ಹೋಲಿಸಬೇಕು, ಒಂದು ಕಡೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ. ಹೊಸ ದಾಖಲೆ ಸೇರುವಾಗ, ಹೆಸರು ತಿದ್ದುವಾಗಲೂ ಇದು ತಾನಾಗಿ ನಡೆಯಬೇಕು. ತೋರಿಸುವ ಹೆಸರನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿನ U+200C ಕಿತ್ತರೆ ಅಕ್ಷರದ ರೂಪವೇ ಕೆಡುತ್ತದೆ.

ಇಷ್ಟಾದರೂ ಯಾಲಕ್ಕಿ ಎಂದು ಹುಡುಕಿದವರಿಗೆ ಏಲಕ್ಕಿ ಸಿಗುವುದಿಲ್ಲ, ಕಾಳುಮೆಣಸು ಎಂದವರಿಗೆ ಕರಿಮೆಣಸು ಸಿಗುವುದಿಲ್ಲ. ಇದನ್ನು ಯಾವ ಯುನಿಕೋಡ್ ನಿಯಮವೂ ಸರಿಮಾಡದು. ಆ ಹೆಸರುಗಳನ್ನು, search_key ತಾನಾಗಿ ಬದಲಾದಾಗ ಅಳಿಸಿಹೋಗದಂತೆ, ಅದರ ಜೊತೆಗೇ ಹುಡುಕುವ ಇನ್ನೊಂದು ಅಂಕಣಕ್ಕೆ ಒಂದೊಂದಾಗಿ ಸೇರಿಸಬೇಕಾದವರು ಗಲ್ಲಾದ ಹಿಂದೆ ಕೂತು ಗ್ರಾಹಕರ ಮಾತು ಕೇಳಿದವರೇ. ಒಂದು ಕೆಲಸ ಅವರಿಗೆ ಸಹಾಯ ಮಾಡುತ್ತದೆ: ಫಲಿತಾಂಶ ಸೊನ್ನೆ ಬಂದ ಹುಡುಕಾಟದ ಪದಗಳನ್ನೆಲ್ಲ ಒಂದು ಕಡೆ ಬರೆದಿಡುವುದು. ವಾರಕ್ಕೊಮ್ಮೆ ಆ ಪಟ್ಟಿ ತೆರೆದರೆ, kachampuli ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ ಬರಿಗೈಯಲ್ಲಿ ಹೋದವರು ಎಷ್ಟು ಮಂದಿ ಎಂಬುದೂ ಅಲ್ಲೇ ಕಾಣುತ್ತದೆ.