ಮೊದಲ ಡೋಸ್ ಮತ್ತು ಮೂರನೇ ದಿನ

62 ವರ್ಷದ ಹೆಂಗಸು. ಸಕ್ಕರೆ ಕಾಯಿಲೆ ಇದೆ. ಚಳಿ ನಡುಕದ ಜ್ವರ, ಬಲಗಡೆ ಪಕ್ಕೆಯಲ್ಲಿ ನೋವು, ಬಿಪಿ 84/50. ಮೂತ್ರಪಿಂಡದ ಸೋಂಕು ರಕ್ತಕ್ಕೂ ಸೇರಿರಬೇಕು. ಕಲ್ಚರ್ ವರದಿಗೆ ಎರಡು ದಿನ ಬೇಕು, ಆದರೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಶುರುವಾಗಬೇಕು. ಏನು ಕೊಡುತ್ತೀರಿ?

ಇಲ್ಲಿ ಥರ್ಮಾಮೀಟರ್‌ಗಿಂತ ಹಳೆಯ ಕಾಗದಗಳು ಜಾಸ್ತಿ ಹೇಳುತ್ತವೆ. ಎರಡು ತಿಂಗಳ ಹಿಂದೆ ಆಕೆಗೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರು. ಆಗಿನ ಮೂತ್ರದ ಕಲ್ಚರ್‌ನಲ್ಲಿ ಇಎಸ್‌ಬಿಎಲ್ ಕಿಣ್ವ ತಯಾರಿಸುವ ಇ. ಕೋಲೈ ಬ್ಯಾಕ್ಟೀರಿಯಾ ಇತ್ತು. ಸೆಫ್ಟ್ರಿಯಾಕ್ಸೋನನ್ನು ಒಡೆದುಹಾಕುವ ಕಿಣ್ವ ಅದು.

ಈ ಇ. ಕೋಲೈ ಎಲ್ಲಿತ್ತು? ಕರುಳಿನಲ್ಲಿ. ಸೆಫ್ಟ್ರಿಯಾಕ್ಸೋನ್‌ನ ಒಂದು ದೊಡ್ಡ ಪಾಲು ಪಿತ್ತದ ಜೊತೆ ಕರುಳಿಗೆ ಇಳಿಯುತ್ತದೆ. ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದವು ಖಾಲಿಯಾದ ಜಾಗದಲ್ಲಿ ಹೆಚ್ಚುತ್ತವೆ. ಆ ಕಿಣ್ವದ ಜೀನ್ ಹೆಚ್ಚಾಗಿ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡಾಗ ಅದರ ಪ್ರತಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಇ. ಕೋಲೈಯಿಂದ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಜಾತಿಗೂ ಹೋಗಬಹುದು. ಅದೇ ಉಂಗುರದಲ್ಲಿ ಜೆಂಟಾಮೈಸಿನ್‌ಗೆ ಪ್ರತಿರೋಧ ಕೊಡುವ ಜೀನ್ ಕೂಡ ಇರಬಹುದು. ಹಾಗಾಗಿ ಒಂದು ಔಷಧಿ ಬಳಸಿದರೆ, ರೋಗಿ ಎಂದೂ ತೆಗೆದುಕೊಳ್ಳದ ಇನ್ನೊಂದಕ್ಕೂ ಪ್ರತಿರೋಧ ಬೆಳೆಯಬಹುದು. ಅಲ್ಲಿಂದ ಪಕ್ಕದ ಹಾಸಿಗೆಗೆ ಅದನ್ನು ಒಯ್ಯುವುದು ತೊಳೆಯದ ನಮ್ಮ ಕೈಗಳು.

ಹಾಗಾದರೆ ಆಕೆಗೆ ಆ ಕಿಣ್ವ ಒಡೆಯಲಾಗದ ಮೆರೊಪೆನೆಮ್ ಸರಿ. ಮೊದಲು ಎರಡು ಸೆಟ್ ರಕ್ತದ ಕಲ್ಚರ್, ಮೂತ್ರದ ಕಲ್ಚರ್, ಆಮೇಲೆ ಡೋಸ್. ಅಲ್ಟ್ರಾಸೌಂಡ್ ಕೂಡ ಬೇಗ ಆಗಲಿ. ಕಲ್ಲು ಅಡ್ಡವಾಗಿ ಕೀವು ಕಟ್ಟಿದ್ದರೆ, ಅದನ್ನು ಹೊರಗೆ ಬಿಡದೆ ಯಾವ ಔಷಧಿಯೂ ಪೂರ್ತಿ ಕೆಲಸ ಮಾಡುವುದಿಲ್ಲ. ಇದೇ ಹೆಂಗಸು ಜ್ವರವಿಲ್ಲದೆ, ಬರೀ ಉರಿಮೂತ್ರ ಅಂತ ಬಂದಿದ್ದರೆ? ಮೂತ್ರಪಿಂಡ ಚೆನ್ನಾಗಿದ್ದರೆ ನೈಟ್ರೋಫ್ಯುರಾಂಟೊಯಿನ್ ಸಾಕಿತ್ತು. ತಪ್ಪಾದರೆ ಬದಲಾಯಿಸಲು ಸಮಯ ಇರುತ್ತದೆ, ಅಲ್ವಾ? ಶಾಕ್‌ನಲ್ಲಿ ಆ ಸಮಯ ಇರುವುದಿಲ್ಲ. ಎಷ್ಟು ದೊಡ್ಡ ಔಷಧಿ ಬೇಕು ಎಂದು ನಿರ್ಧರಿಸುವುದು ಈ ವ್ಯತ್ಯಾಸ.

ಮೂರನೇ ದಿನ ವರದಿ ಬಂತು. ರಕ್ತ, ಮೂತ್ರ ಎರಡರಲ್ಲೂ ಅದೇ ಇಎಸ್‌ಬಿಎಲ್ ಇ. ಕೋಲೈ. ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಎದುರು S, ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆ ಅಂತ ಬರೆದಿದೆ. ಆದರೆ ರಕ್ತದ ಸೋಂಕಿನಲ್ಲಿ ಆ S ನಂಬಬೇಡಿ. 2018ರ ಮೆರಿನೋ ಅಧ್ಯಯನದಲ್ಲಿ, ಲ್ಯಾಬ್ ಪ್ರಕಾರ ಬಗ್ಗುವ ಇಂಥ ಸೋಂಕಿನಲ್ಲೇ, 30 ದಿನದೊಳಗಿನ ಸಾವು ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಕೊಟ್ಟವರಲ್ಲಿ 12.3%, ಮೆರೊಪೆನೆಮ್‌ನಲ್ಲಿ 3.7% ಇತ್ತು. ಕೋಟ್ರಿಮಾಕ್ಸಜೋಲ್‌ಗೂ S ಇದೆ. ಇದು ನಿಜಕ್ಕೂ ಉಪಯೋಗಕ್ಕೆ ಬರುವ ಸಾಲು.

ಆಕೆಗೆ ಈಗ ಜ್ವರ ಇಲ್ಲ, ಬಿಪಿ ಸರಿಯಾಗಿದೆ, ಊಟ ಸೇರುತ್ತಿದೆ, ಅಲ್ಟ್ರಾಸೌಂಡ್‌ನಲ್ಲಿ ಅಡಚಣೆ ಇಲ್ಲ. ಸುಮ್ನೆ ಮೆರೊಪೆನೆಮ್ ಮುಂದುವರಿಸಿದರೆ ಕರುಳಿನಲ್ಲಿ ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಜಾಗ ಸಿಗುತ್ತದೆ. ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿ ಕೋಟ್ರಿಮಾಕ್ಸಜೋಲ್ ಮಾತ್ರೆಗೆ ಬದಲಾಯಿಸಿ. ಮೆರೊಪೆನೆಮ್ ಕೊಟ್ಟ ದಿನಗಳೂ ಸೇರಿ ಒಟ್ಟು 7 ದಿನ. ನಿಲ್ಲಿಸುವ ತಾರೀಖನ್ನು ಇವತ್ತೇ ಕೇಸ್ ಶೀಟಿನಲ್ಲಿ ಬರೆಯಿರಿ.