ಎಸ್‌ಪಿಟಿ, ಇಡಿಡಿ: ಸರಾಸರಿ ಲೇಟ್‌ನೆಸ್‌ನಲ್ಲಿ ಗೆದ್ದ ಕ್ರಮ ಟಾರ್ಡಿನೆಸ್‌ನಲ್ಲಿ ಯಾಕೆ ಸೋಲುತ್ತದೆ?

ಒಂದೇ ಮೆಷಿನ್, ಕ್ಯೂನಲ್ಲಿ ಹಲವು ಕೆಲಸಗಳು, ಒಂದು ಮುಗಿದ ಮೇಲೆಯೇ ಇನ್ನೊಂದು. ಎಸ್‌ಪಿಟಿ ಅಂದರೆ ಕಡಿಮೆ ಹೊತ್ತು ಹಿಡಿಯುವ ಕೆಲಸ ಮೊದಲು. ಇಡಿಡಿ ಅಂದರೆ ಗಡುವು ಹತ್ತಿರ ಇರುವ ಕೆಲಸ ಮೊದಲು. ಇಷ್ಟು ಎಲ್ಲರಿಗೂ ಗೊತ್ತು. ತಲೆ ಕೆಡಿಸುವುದು ಇವೆರಡನ್ನು ಅಳೆಯುವ ರೀತಿ.

ಕೆಲಸ ಮುಗಿದ ಗಂಟೆ `C`, ಗಡುವು `d` ಆದರೆ:

```
L = C - d        (ಲೇಟ್‌ನೆಸ್)
T = max(0, L)    (ಟಾರ್ಡಿನೆಸ್)
```

ಬೇಗ ಮುಗಿದರೆ ಲೇಟ್‌ನೆಸ್ ಮೈನಸ್ ಆಗುತ್ತದೆ. ಟಾರ್ಡಿನೆಸ್ ಮಾತ್ರ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಮುಂದಿನ ಎಲ್ಲ ಗೊಂದಲವೂ ಹುಟ್ಟುವುದು ಇಲ್ಲಿಂದಲೇ.

ಒಂದು ಆಫ್‌ಸೆಟ್ ಪ್ರೆಸ್ ತಗೊಳ್ಳೋಣ. ಬೆಳಿಗ್ಗೆ ಮೆಷಿನ್ ಖಾಲಿ ಇದೆ, ಐದು ಆರ್ಡರ್ ಕೈಯಲ್ಲಿವೆ. ಗಡುವನ್ನು ಮೆಷಿನ್ ಓಡುವ ಗಂಟೆಗಳಲ್ಲೇ ಎಣಿಸಿದ್ದೇನೆ.

| ಕೆಲಸ | ಹಿಡಿಯುವ ಗಂಟೆ | ಗಡುವು |
|---|---|---|
| ಲಗ್ನಪತ್ರಿಕೆ | 2 | 20 |
| ಕರಪತ್ರ | 4 | 6 |
| ಬಿಲ್ ಬುಕ್ | 5 | 18 |
| ಕ್ಯಾಲೆಂಡರ್ | 6 | 24 |
| ಪೋಸ್ಟರ್ | 8 | 10 |

ಎಸ್‌ಪಿಟಿಗೆ ಇದೇ ಸಾಲು, ಮೇಲಿಂದ ಕೆಳಕ್ಕೆ. ಮುಗಿಯುವ ಗಂಟೆಗಳು 2, 6, 11, 17, 25. ಲೇಟ್‌ನೆಸ್ ಕ್ರಮವಾಗಿ −18, 0, −7, −7, 15. ಮೊತ್ತ −17, ಸರಾಸರಿ −3.4. ತಡವಾದದ್ದು ಪೋಸ್ಟರ್ ಒಂದೇ. ಆದರೆ ಅದು ತಡವಾದದ್ದು 15 ಗಂಟೆ. ಹಾಗಾಗಿ ಸರಾಸರಿ ಟಾರ್ಡಿನೆಸ್ 3.

ಇಡಿಡಿಯಲ್ಲಿ ಕರಪತ್ರ, ಪೋಸ್ಟರ್, ಬಿಲ್ ಬುಕ್, ಲಗ್ನಪತ್ರಿಕೆ, ಕ್ಯಾಲೆಂಡರ್. ಮುಗಿಯುವ ಗಂಟೆಗಳು 4, 12, 17, 19, 25. ಲೇಟ್‌ನೆಸ್ −2, 2, −1, −1, 1. ಸರಾಸರಿ −0.2. ಪೋಸ್ಟರ್ 2 ಗಂಟೆ, ಕ್ಯಾಲೆಂಡರ್ 1 ಗಂಟೆ ತಡ. ಸರಾಸರಿ ಟಾರ್ಡಿನೆಸ್ 0.6.

ಈಗ ನೋಡಿ. ಸರಾಸರಿ ಲೇಟ್‌ನೆಸ್ ಕೇಳಿದರೆ ಎಸ್‌ಪಿಟಿ ಗೆದ್ದಿದೆ. ಸರಾಸರಿ ಟಾರ್ಡಿನೆಸ್ ಕೇಳಿದರೆ ಇಡಿಡಿ ಗೆದ್ದಿದೆ, ಅದೂ ಐದು ಪಟ್ಟು. ಗಡುವನ್ನು ಕಣ್ಣೆತ್ತಿಯೂ ನೋಡದ ಎಸ್‌ಪಿಟಿ, ಗಡುವಿನ ಮೇಲೆಯೇ ಅಳೆಯುವ ಲೇಟ್‌ನೆಸ್‌ನಲ್ಲಿ ಗೆಲ್ಲುವುದು ಹೇಗೆ?

ಇದನ್ನು ನಿಧಾನವಾಗಿ ಬಿಡಿಸೋಣ. ಎಲ್ಲ ಕೆಲಸಗಳ ಲೇಟ್‌ನೆಸ್ ಕೂಡಿಸಿದರೆ ಸಿಗುವುದು ಎಲ್ಲ `C`ಗಳ ಮೊತ್ತ, ಅದರಿಂದ ಎಲ್ಲ `d`ಗಳ ಮೊತ್ತ ಕಳೆದದ್ದು. ನಮ್ಮ ಗಡುವುಗಳ ಮೊತ್ತ 78. ಸಾಲನ್ನು ಹೇಗೆ ಬದಲಿಸಿದರೂ ಈ 78 ಬದಲಾಗುವುದಿಲ್ಲ. ಗಡುವು ಯಾವ ಕೆಲಸದ್ದು ಅನ್ನುವುದು ಕೂಡಿಸುವಾಗಲೇ ಅಳಿಸಿ ಹೋಗುತ್ತದೆ. ಉಳಿಯುವುದು `C`ಗಳ ಮೊತ್ತ ಮಾತ್ರ.

ಆ ಮೊತ್ತ ಎಲ್ಲಿಂದ ಬರುತ್ತದೆ? ಮೊದಲ ಕೆಲಸದ ಗಂಟೆಗಳನ್ನು ಐದೂ ಕೆಲಸಗಳು ಕಾಯುತ್ತವೆ, ಎರಡನೆಯದರ ಗಂಟೆಗಳನ್ನು ನಾಲ್ಕು, ಹೀಗೆ ಇಳಿಯುತ್ತಾ ಕೊನೆಯದರ ಗಂಟೆಗಳನ್ನು ಅದೊಂದೇ.

```
ಎಸ್‌ಪಿಟಿ: 2×5 + 4×4 + 5×3 + 6×2 + 8×1 = 61
ಇಡಿಡಿ:   4×5 + 8×4 + 5×3 + 2×2 + 6×1 = 77
```

ದೊಡ್ಡ ಗುಣಕಕ್ಕೆ ಚಿಕ್ಕ ಸಂಖ್ಯೆ ಜೋಡಿಸಿದರೆ ಮೊತ್ತ ಅತಿ ಕಡಿಮೆ. ಅದೇ ಎಸ್‌ಪಿಟಿ. 61−78 = −17, 77−78 = −1. ಮೇಲಿನ ಉತ್ತರಗಳೇ ಬಂದವು, ಅಲ್ವಾ? ಪರೀಕ್ಷೆಯಲ್ಲಿ ನಾನು ತಾಳೆ ನೋಡುವುದು ಇದರಿಂದಲೇ. ಲೇಟ್‌ನೆಸ್ ಕಾಲಂನ ಮೊತ್ತ ಇದಕ್ಕೆ ಹೊಂದದಿದ್ದರೆ ಎಲ್ಲೋ ಒಂದು `C` ತಪ್ಪಾಗಿದೆ.

ಅಂದರೆ ಸರಾಸರಿ ಲೇಟ್‌ನೆಸ್ ಅನ್ನುವುದು ಸರಾಸರಿ ಮುಗಿಯುವ ಸಮಯವೇ, ಒಂದು ಸ್ಥಿರ ಸಂಖ್ಯೆ ಕಳೆದದ್ದು ಅಷ್ಟೇ. ಎಸ್‌ಪಿಟಿ ಲಗ್ನಪತ್ರಿಕೆಯನ್ನು 18 ಗಂಟೆ ಮೊದಲೇ ಮುಗಿಸಿತು. ಹಾಗೆ ಬೇಗ ಮುಗಿಸಿದ ಗಂಟೆಗಳೆಲ್ಲ ಸೇರಿ 32. ಅದು ಪೋಸ್ಟರ್‌ನ 15 ಗಂಟೆ ತಡವನ್ನು ಮುಚ್ಚಿಹಾಕಿ ಮೊತ್ತವನ್ನು −17ಕ್ಕೆ ತಂದಿತು. ಪೋಸ್ಟರ್ ಹಾಕಿಸಿದವರಿಗೆ ಬೇರೆಯವರ ಲಗ್ನಪತ್ರಿಕೆ ಬೇಗ ಮುಗಿದರೆ ಏನು ಬಂತು? ಟಾರ್ಡಿನೆಸ್ ಈ ಮುಚ್ಚುವಿಕೆಯನ್ನು ಬಿಡುವುದಿಲ್ಲ. ಗಡುವಿನ ಮೇಲೆ ಮಾತು ಕೊಟ್ಟ ಕಡೆ ಅದನ್ನೇ ನೋಡಬೇಕು.

ಇಡಿಡಿ ನಿಜವಾಗಿ ಖಾತ್ರಿ ಕೊಡುವುದು ಸರಾಸರಿಗಲ್ಲ, ಅತಿ ಹೆಚ್ಚಿನ ಲೇಟ್‌ನೆಸ್ ಆದಷ್ಟು ಕಡಿಮೆ ಇರುತ್ತದೆ ಅನ್ನುವುದಕ್ಕೆ. 1955ರಲ್ಲಿ ಜಾಕ್ಸನ್ ತೋರಿಸಿದ್ದು ಇದನ್ನು. ಇಲ್ಲಿ ಅದು 2, ಎಸ್‌ಪಿಟಿಯಲ್ಲಿ 15. ಸರಾಸರಿ ಟಾರ್ಡಿನೆಸ್‌ಗೆ ಎರಡೂ ನಿಯಮಗಳು ಖಾತ್ರಿ ಕೊಡುವುದಿಲ್ಲ. ಮೇಲಿನ ಉದಾಹರಣೆಯಿಂದ ‘ಟಾರ್ಡಿನೆಸ್‌ಗೆ ಇಡಿಡಿ’ ಅಂತ ಬಾಯಿಪಾಠ ಮಾಡಿದರೆ ಮುಂದಿನ ಲೆಕ್ಕದಲ್ಲೇ ಕೈ ಕೊಡುತ್ತದೆ.

ಅದೇ ಐದು ಕೆಲಸ, ಅದೇ ಗಡುವು. ಆದರೆ ಮೆಷಿನ್ ಕೆಟ್ಟು ಒಂದು ಪಾಳಿ, ಅಂದರೆ 8 ಗಂಟೆ ಹಾಳಾಯಿತು ಅಂದುಕೊಳ್ಳಿ. ಪ್ರತಿ ಲೇಟ್‌ನೆಸ್‌ಗೂ 8 ಕೂಡುತ್ತದೆ.

ಎಸ್‌ಪಿಟಿ: −10, 8, 1, 1, 23. ಟಾರ್ಡಿನೆಸ್ ಮೊತ್ತ 33, ಸರಾಸರಿ 6.6.
ಇಡಿಡಿ: 6, 10, 7, 7, 9. ಮೊತ್ತ 39, ಸರಾಸರಿ 7.8.

ಈಗ ಟಾರ್ಡಿನೆಸ್‌ನಲ್ಲೂ ಎಸ್‌ಪಿಟಿ ಮುಂದೆ! ಇಡಿಡಿಯಲ್ಲಿ ಐದೂ ತಡವಾದವು. ಎಲ್ಲವೂ ತಡವಾದರೆ `max` ಯಾವುದನ್ನೂ ಕತ್ತರಿಸುವುದಿಲ್ಲ, `T` ಮತ್ತು `L` ಒಂದೇ ಆಗುತ್ತವೆ. ಲೇಟ್‌ನೆಸ್ ಎಸ್‌ಪಿಟಿಯ ಆಟ ಅಂತ ಆಗಲೇ ನೋಡಿದೆವು. ಕೆಲಸದ ಒತ್ತಡ ಜಾಸ್ತಿ ಇದ್ದಷ್ಟೂ ಎಸ್‌ಪಿಟಿ ಕಡೆ ವಾಲುತ್ತದೆ. ಎಸ್‌ಪಿಟಿ ಕ್ರಮದಲ್ಲಿ ಪ್ರತಿಯೊಂದೂ ತಡವಾಗಿದ್ದರೆ ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಇಡಿಡಿ ಕ್ರಮದಲ್ಲಿ ಹೆಚ್ಚೆಂದರೆ ಒಂದೇ ತಡವಾಗಿದ್ದರೆ ಅದೇ ಅತ್ಯುತ್ತಮ. ಕಷ್ಟ ಇರುವುದು ನಡುವೆ, ನಮ್ಮ ಪ್ರೆಸ್ ಈಗ ಇರುವ ಜಾಗದಲ್ಲಿ.

ಈ ನಡುವಿನ ಜಾಗಕ್ಕೆ ನನಗೆ ತುಂಬ ಇಷ್ಟವಾದ ಉಪಾಯ ಒಂದಿದೆ, ಮಾರ್ಪಡಿಸಿದ ಗಡುವು. ಈಗಿನ ಸಮಯ `t`, ಕೆಲಸಕ್ಕೆ ಹಿಡಿಯುವ ಗಂಟೆ `p` ಆದರೆ, ಪ್ರತಿ ಕೆಲಸಕ್ಕೂ `max(d, t + p)` ಬರೆದು ಕಡಿಮೆ ಇರುವುದನ್ನು ಆರಿಸಬೇಕು. ಗಡುವಿಗೆ ಇನ್ನೂ ಸಮಯ ಇದ್ದರೆ ಲೆಕ್ಕಕ್ಕೆ ಬರುವುದು ಗಡುವು. ಗಡುವು ಕೈ ತಪ್ಪಿದ್ದರೆ, ಈಗಲೇ ಶುರು ಮಾಡಿದರೆ ಎಷ್ಟೊತ್ತಿಗೆ ಮುಗಿಯುತ್ತದೋ ಅದೇ ಹೊಸ ಗಡುವು. ಮೊದಲ ಗುಂಪಿನಲ್ಲಿ ಇದು ಇಡಿಡಿಯಂತೆ, ಎರಡನೆಯದರಲ್ಲಿ ಎಸ್‌ಪಿಟಿಯಂತೆ ನಡೆಯುತ್ತದೆ.

`t` = 8ರಲ್ಲಿ ಕರಪತ್ರ 12, ಪೋಸ್ಟರ್ 16, ಬಿಲ್ ಬುಕ್ 18, ಲಗ್ನಪತ್ರಿಕೆ 20, ಕ್ಯಾಲೆಂಡರ್ 24. ಕರಪತ್ರ ಹೋಗಲಿ. `t` = 12ರಲ್ಲಿ ಪೋಸ್ಟರ್ 20ಕ್ಕೆ ಏರಿತು, ಬಿಲ್ ಬುಕ್ 18ರಲ್ಲೇ ಇದೆ. ಹಾಗಾಗಿ ಬಿಲ್ ಬುಕ್. `t` = 17ರಲ್ಲಿ ಲಗ್ನಪತ್ರಿಕೆ 20, ಕ್ಯಾಲೆಂಡರ್ 24, ಪೋಸ್ಟರ್ 25. ಲಗ್ನಪತ್ರಿಕೆ ಹೋಯಿತು. `t` = 19ರಲ್ಲಿ ಕ್ಯಾಲೆಂಡರ್ 25, ಪೋಸ್ಟರ್ 27. ಕ್ಯಾಲೆಂಡರ್, ಕೊನೆಗೆ ಪೋಸ್ಟರ್.

ತಡ: ಕರಪತ್ರ 6, ಕ್ಯಾಲೆಂಡರ್ 1, ಪೋಸ್ಟರ್ 23. ಮೊತ್ತ 30, ಸರಾಸರಿ 6. ಎರಡೂ ನಿಯಮಗಳನ್ನು ಹಿಂದೆ ಹಾಕಿತು. ಸಾಧ್ಯವಿರುವ 120 ಕ್ರಮಗಳಲ್ಲಿ 30ಕ್ಕಿಂತ ಕಡಿಮೆ ಯಾವುದೂ ಇಲ್ಲ. ಮೆಷಿನ್ ಕೆಡದ ಮೊದಲ ಲೆಕ್ಕಕ್ಕೆ ಇದನ್ನೇ ಹಾಕಿ ನೋಡಿ, ಇಡಿಡಿ ಕ್ರಮವೇ ಬರುತ್ತದೆ.

ಆದರೂ ಈ ಉಪಾಯ ಎಲ್ಲ ಸಲ ಅತ್ಯುತ್ತಮ ಕ್ರಮ ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದೇ ಮೆಷಿನ್ ಇದ್ದರೂ ಒಟ್ಟು ಟಾರ್ಡಿನೆಸ್ ಇಳಿಸುವುದು ಎನ್‌ಪಿ-ಹಾರ್ಡ್ ಅಂತ 1990ರಲ್ಲಿ ಡೂ ಮತ್ತು ಲ್ಯೂಂಗ್ ಸಾಧಿಸಿದರು. ಅಂದರೆ ಎಲ್ಲ ಲೆಕ್ಕಗಳಿಗೂ ಅತ್ಯುತ್ತಮ ಕ್ರಮವನ್ನು ಬೇಗ ಹುಡುಕಿಕೊಡುವ ವಿಧಾನ ಯಾರಿಗೂ ಗೊತ್ತಿಲ್ಲ. ಇನ್ನೊಂದು ಮಿತಿ ಪ್ರೆಸ್‌ನಲ್ಲೇ ಕಾಣುತ್ತದೆ. ಕಪ್ಪು ಇಂಕ್ ಆದ ಮೇಲೆ ಹಳದಿ ಓಡಿಸಬೇಕಾದರೆ ರೋಲರ್ ಚೆನ್ನಾಗಿ ತೊಳೆಯಬೇಕು. ಹಳದಿ ಆದ ಮೇಲೆ ಕಪ್ಪು ಓಡಿಸಲು ಅಷ್ಟು ಬೇಕಾಗಿಲ್ಲ. ಆಗ ಒಂದು ಕೆಲಸದ `p` ಅದರ ಹಿಂದೆ ಯಾವುದಿತ್ತು ಅನ್ನುವುದರ ಮೇಲೆ ನಿಂತಿರುತ್ತದೆ, ಮೇಲಿನ 5, 4, 3, 2, 1 ಗುಣಕದ ವಾದವೂ ನಿಲ್ಲುವುದಿಲ್ಲ.